ಆ್ಯಪ್ ಹೇಳಿದ ಉಳಿತಾಯ ₹12,010, ಅಕ್ಕನ ಪುಸ್ತಕದಲ್ಲಿ ₹515

ಅಕ್ಕನ ಮನೆ ಹಾಸನದ ಸಾಲಗಾಮೆ ರಸ್ತೆಯ ಕಡೆ. ಬಾಡಿಗೆ ಮನೆ, ನಾಲ್ಕು ಜನ. ಶ್ರಾವಣ ಮುಗಿಯುವ ಹೊತ್ತಿಗೆ ಅವಳ ಹಳೆಯ ವಾಷಿಂಗ್ ಮಷಿನ್ ಕೆಟ್ಟಿತು. ರಿಪೇರಿಯವರು ನೋಡಿ, ಮೋಟರ್ ಹಾಕಿಸುವ ದುಡ್ಡಿಗೆ ಅರ್ಥವಿಲ್ಲ, ಹೊಸದು ತಗೊಳ್ಳಿ ಎಂದರು. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆಗೆಯುತ್ತದೆ. ಆ ದಿನಗಳಲ್ಲಿ ಅಕ್ಕನ ಮನೆಗೆ ನೆಂಟರು ಬಂದು ಹೋಗುತ್ತಲೇ ಇರುತ್ತಾರೆ. ಅಷ್ಟರೊಳಗೆ ಮಷಿನ್ ಬೇಕಿತ್ತು. ದಸರಾಕ್ಕೆ ಮುಂಚೆ ಆನ್‌ಲೈನ್ ಸೇಲ್ ಬರುತ್ತದೆ ಎಂದು ಗೊತ್ತಿದ್ದರಿಂದ ಮೂರು ವಾರ ಕೈಯಲ್ಲೇ ಒಗೆದು ಕಾಯುವುದು ಎಂದು ತೀರ್ಮಾನವಾಯಿತು.

ಚೀಟಿ ಎತ್ತಿದ ದುಡ್ಡು ಅಕ್ಕನ ಹತ್ತಿರ ಇತ್ತು. ಅದರಲ್ಲಿ ₹16,500 ಮಷಿನ್‌ಗೆ, ₹1,500 ನೆಂಟರಿಗೆ ಎರಡು ರಗ್ಗಿಗೆ ಎಂದು ತೆಗೆದಿಟ್ಟಳು. ₹16,500 ಅಂದರೆ ಮಷಿನ್‌ನ ಬೆಲೆ ಮಾತ್ರ ಅಲ್ಲ. ಸ್ಟ್ಯಾಂಡ್, ನಲ್ಲಿ ಕೆಲಸ ಎಲ್ಲ ಸೇರಿ, ಬಚ್ಚಲಲ್ಲಿ ಮಷಿನ್ ತಿರುಗುವವರೆಗೆ ಆಗುವ ಖರ್ಚು. ಇದನ್ನು ಅವಳು ಸೇಲ್ ಶುರುವಾಗುವ ಮೊದಲೇ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಳು. ಮುಂದೆ ನಡೆದ ಎಲ್ಲ ಚರ್ಚೆಯಲ್ಲೂ ಆ ಪುಟ ನಮ್ಮನ್ನು ಕಾಪಾಡಿತು. ಆಫರ್ ನೋಡಿದ ಮೇಲೆ ಬಜೆಟ್ ಮಾಡಲು ಕೂತರೆ ಆಫರ್‌ಗೆ ತಕ್ಕ ಹಾಗೆ ಬಜೆಟ್ ಹಿಗ್ಗುತ್ತದೆ.

ಸೇಲ್‌ಗೆ ಮುಂಚೆ ಬರೆದುಕೊಂಡದ್ದು

ಮಾಡೆಲ್ ಮೊದಲೇ ಆರಿಸಿಕೊಂಡೆವು. ಏಳು ಕೆಜಿಯ ಟಾಪ್ ಲೋಡ್, ಫುಲ್ಲಿ ಆಟೋಮ್ಯಾಟಿಕ್. ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡೆ, ಕೊನೆಯ ಎರಡು ಅಕ್ಷರದ ಸಮೇತ. ಒಂದೇ ಹೆಸರಿನ ಮಷಿನ್ ಬೇರೆ ಬೇರೆ ಕಡೆ ಸ್ವಲ್ಪ ಬೇರೆ ನಂಬರಿನಲ್ಲಿ ಇರುತ್ತದೆ. ಹಾಗಿದ್ದಾಗ ಬೆಲೆ ಹೋಲಿಸಿದರೂ ಹೋಲಿಸಿದ ಹಾಗಲ್ಲ.

ಎರಡು ವಾರ ದಿನ ಬಿಟ್ಟು ದಿನ ಬೆಲೆ ನೋಡಿದೆ. ₹17,990ರಲ್ಲೇ ನಿಂತಿತ್ತು. ಪಕ್ಕದಲ್ಲಿ ಗೀಟು ಹಾಕಿದ ಎಂಆರ್‌ಪಿ ₹27,500. ಆ ಬೆಲೆಗೆ ಯಾರೂ ಆ ಮಷಿನ್ ಮಾರುತ್ತಿರಲಿಲ್ಲ. ಹಾಗಾಗಿ ನಮ್ಮ ಲೆಕ್ಕಕ್ಕೆ ಆ ಸಂಖ್ಯೆ ಬೇಡವೇ ಬೇಡ ಎಂದು ಬಿಟ್ಟೆವು.

ನಂತರ ಬಿ.ಎಂ. ರಸ್ತೆಯ ಒಂದು ಅಂಗಡಿಗೆ ಅಕ್ಕನೇ ಹೋಗಿ ಅದೇ ಮಾಡೆಲ್ ಕೇಳಿದಳು. ₹17,200 ಅಂದರು. ಚೌಕಾಸಿ ಮಾಡಿದ ಮೇಲೆ ₹16,800ಕ್ಕೆ ಬಂದರು. ಸ್ಟ್ಯಾಂಡ್ ಫ್ರೀ, ಹುಡುಗ ಬಂದು ನಲ್ಲಿಗೆ ಪೈಪ್ ಜೋಡಿಸಿ ಕೊಡುತ್ತಾನೆ, ಬೇರೆ ಖರ್ಚಿಲ್ಲ. ಕಾರ್ಡ್ ಆಫರ್ ಇದೆಯಾ ಎಂದು ಕೇಳಿದ್ದಕ್ಕೆ, ಇಎಂಐ ಮಾಡಿಸಿದರೆ ಮಾತ್ರ ಕಂಪನಿಯಿಂದ ಕ್ಯಾಶ್‌ಬ್ಯಾಕ್ ಬರುತ್ತದೆ, ಪೂರ್ತಿ ದುಡ್ಡು ಕೊಟ್ಟರೆ ಇಲ್ಲ ಎಂದು ನೇರವಾಗಿ ಹೇಳಿದರು. ಈ ₹16,800 ನಮಗೆ ಅಳತೆಗೋಲಾಯಿತು. ಆನ್‌ಲೈನ್‌ನಲ್ಲಿ ಎಷ್ಟು ಉಳಿಯಿತು ಎಂದು ಇದರ ಎದುರಿಗೇ ನೋಡಬೇಕು, ಎಂಆರ್‌ಪಿಯ ಎದುರಿಗಲ್ಲ.

ಸೇಲ್‌ನ ಮೊದಲ ರಾತ್ರಿ

ಸೇಲ್ ಶುರುವಾದದ್ದು ಸೆಪ್ಟೆಂಬರ್ 23ಕ್ಕೆ. ಮಷಿನ್‌ನ ಬೆಲೆ ₹17,490 ಆಗಿತ್ತು. ಅಂದರೆ ನಿಜವಾಗಿ ಇಳಿದದ್ದು ₹500. ಉಳಿದದ್ದೆಲ್ಲ ಆಫರ್‌ಗಳ ಮೇಲೆ ನಿಂತಿತ್ತು.

ಮೂರು ಆಫರ್ ಇದ್ದವು. ಮಷಿನ್‌ನ ಪುಟದಲ್ಲೇ ₹750ರ ಕೂಪನ್. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್‌ಗೆ 10% ತಕ್ಷಣದ ರಿಯಾಯಿತಿ, ಬಿಲ್ ಕನಿಷ್ಠ ₹16,000 ಇರಬೇಕು, ರಿಯಾಯಿತಿ ಗರಿಷ್ಠ ₹1,250. ಬಿಲ್ ₹20,000 ದಾಟಿದರೆ ಅದೇ ಕಾರ್ಡ್‌ಗೆ ಇನ್ನೂ ₹750. ಇದರ ಜೊತೆಗೆ ನಾನು ಬಳಸುವ ಒಂದು ಕ್ಯಾಶ್‌ಬ್ಯಾಕ್ ಆ್ಯಪ್ ಮೂಲಕ ಹೋದರೆ ₹200, ಮತ್ತು ಭಾವನ ಕಾರ್ಡ್‌ನ ಮಾಮೂಲಿ 1% ಕ್ಯಾಶ್‌ಬ್ಯಾಕ್. ಆ ಬ್ಯಾಂಕಿನ ಕಾರ್ಡ್ ಭಾವನ ಹತ್ತಿರವೇ ಇದ್ದದ್ದು ಒಳ್ಳೆಯದಾಯಿತು. ಪರಿಚಯದವರ ಕಾರ್ಡ್ ಕೇಳಿ ತರುವ ಅಭ್ಯಾಸ ನಮ್ಮೂರಲ್ಲಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ವಸ್ತು ವಾಪಸ್ ಹೋದರೆ ದುಡ್ಡು ಅವರ ಕಾರ್ಡ್‌ಗೇ ಹೋಗುತ್ತದೆ, ಮೊಬೈಲ್‌ಗೆ ಬಂದ ಒಟಿಪಿ ಫೋನಿನಲ್ಲಿ ಹೇಳಿಸಿಕೊಳ್ಳಬೇಕಾಗುತ್ತದೆ, ಬ್ಯಾಂಕಿನ ನಿಯಮದಲ್ಲೂ ಅದಕ್ಕೆ ಜಾಗವಿಲ್ಲ.

ಇಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು, ಯಾವುದು ಯಾವುದರ ನಂತರ ಕಳೆಯುತ್ತದೆ ಎಂಬುದು. ಕೂಪನ್ ಮೊದಲು ಕಳೆಯುತ್ತದೆ. ಉಳಿದ ಮೊತ್ತದ ಮೇಲೆ ಬ್ಯಾಂಕಿನ ರಿಯಾಯಿತಿ. ಬ್ಯಾಂಕಿನ ಕನಿಷ್ಠ ಬಿಲ್ ಎಂಬ ಷರತ್ತನ್ನೂ ಕೂಪನ್ ಕಳೆದ ಮೇಲಿನ ಮೊತ್ತಕ್ಕೇ ನೋಡುತ್ತಾರೆ. ಕ್ಯಾಶ್‌ಬ್ಯಾಕ್ ಮಾತ್ರ ಬಿಲ್ಲಿನಲ್ಲಿ ಕಳೆಯುವುದೇ ಇಲ್ಲ, ಅದು ಮುಂದೆ ಎಂದೋ ಬರುವ ದುಡ್ಡು.

ನಮ್ಮ ಲೆಕ್ಕ ಹೀಗಾಯಿತು. ₹17,490ರಲ್ಲಿ ಕೂಪನ್ ₹750 ಹೋಗಿ ₹16,740. ಅದರ 10% ಅಂದರೆ ₹1,674. ಆದರೆ ಗರಿಷ್ಠ ₹1,250 ಆದ್ದರಿಂದ ಅಷ್ಟೇ ಕಳೆದು ₹15,490.

ಇಲ್ಲಿ ಒಂದು ಕ್ಷಣ ನಿಂತು ಆ 10% ಅನ್ನು ನೋಡಿ. ₹1,250 ಎಂಬುದು ₹12,500ರ 10%. ಬಿಲ್ ಅದಕ್ಕಿಂತ ದೊಡ್ಡದಾದರೆ ರಿಯಾಯಿತಿ ಬೆಳೆಯುವುದಿಲ್ಲ. ಆದರೆ ₹16,000ಕ್ಕಿಂತ ಕಡಿಮೆ ಬಿಲ್‌ಗೆ ಆಫರ್ರೇ ಇಲ್ಲ. ಅಂದರೆ ಇಎಂಐ ಇಲ್ಲದೆ ಒಂದೇ ಸಲ ದುಡ್ಡು ಕೊಡುವವರಿಗೆ ಈ ಆಫರ್‌ನಲ್ಲಿ 10% ಸಿಗುವ ದಾರಿಯೇ ಇರಲಿಲ್ಲ. ಸರಿಯಾಗಿ ₹16,000ಕ್ಕೆ ಕೊಂಡವರಿಗೂ ಸಿಗುವುದು 8%ಕ್ಕಿಂತ ಸ್ವಲ್ಪ ಕಡಿಮೆ. ಕನಿಷ್ಠ ಬಿಲ್ ಮತ್ತು ಗರಿಷ್ಠ ರಿಯಾಯಿತಿ, ಈ ಎರಡು ಸಂಖ್ಯೆ ಸಾಕು. ಶೇಕಡಾ ಎಷ್ಟು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಆದರೆ ದೊಡ್ಡ ಬಿಲ್‌ನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಇದರಲ್ಲಿ ನಮಗೆ ಒಂದು ಅನುಕೂಲವೂ ಆಯಿತು. ರಿಯಾಯಿತಿ ಹೇಗೂ ₹1,250ಕ್ಕೆ ನಿಂತುಹೋಗಿದ್ದರಿಂದ ಕೂಪನ್‌ನ ₹750 ಪೂರ್ತಿ ನಮಗೆ ದಕ್ಕಿತು. ಗರಿಷ್ಠ ಮಿತಿಗೆ ತಾಗದ ಚಿಕ್ಕ ಬಿಲ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ₹750ರ ಕೂಪನ್ ಹಾಕಿದರೆ ಬ್ಯಾಂಕಿನ 10% ಕೂಡ ₹75 ಇಳಿಯುತ್ತದೆ, ನಿಜವಾದ ಲಾಭ ₹675.

ಕೂಪನ್ ಬಗ್ಗೆ ಇನ್ನೊಂದು ಮಾತು. ಹಾಸನದ ಪಿನ್ ಕೋಡ್ 573201 ಹಾಕಿದ ತಕ್ಷಣ ಪುಟದಲ್ಲಿ ಬೇರೆ ಮಾರಾಟಗಾರರ ಹೆಸರು ಬಂತು. ಬೆಲೆ ₹17,290, ಅಂದರೆ ₹200 ಕಡಿಮೆ. ಭಾವನಿಗೆ ಖುಷಿ. ಆದರೆ ಕೂಪನ್ ಗುರುತು ಮಾಯವಾಗಿತ್ತು. ಕೂಪನ್ ಇದ್ದದ್ದು ಮೊದಲ ಮಾರಾಟಗಾರರ ಹತ್ತಿರ ಮಾತ್ರ. ಕಡಿಮೆ ಬೆಲೆಯವರಲ್ಲಿ ಕೊಂಡಿದ್ದರೆ ಬ್ಯಾಂಕಿನ ₹1,250 ಕಳೆದು ₹16,040 ಆಗುತ್ತಿತ್ತು. ಜಾಸ್ತಿ ಬೆಲೆಯವರಲ್ಲಿ ₹15,490. ಬೇರೆ ಮಾರಾಟಗಾರರ ಪಟ್ಟಿ ತೆರೆದು, ಮೊದಲಿನವರು ಹಾಸನಕ್ಕೂ ಕಳಿಸುತ್ತಾರೆ ಎಂದು ಖಚಿತ ಮಾಡಿಕೊಂಡು ಅವರನ್ನೇ ಆರಿಸಿದೆವು. ಅವರದು ಬರಲು ನಾಲ್ಕು ದಿನ ಜಾಸ್ತಿ, ಅಷ್ಟೆ. ಪಿನ್ ಕೋಡ್ ಹಾಕದೆ ಬರೀ ಬೆಲೆ ನೋಡಿ ಲೆಕ್ಕ ಹಾಕಿದರೆ ಅದು ಬೆಂಗಳೂರಿನವರ ಲೆಕ್ಕವಾಗಿರಬಹುದು.

ಗಿಫ್ಟ್ ಕಾರ್ಡ್ ಹಾಕಿದಾಗ ಬಿಲ್ ಏರಿತು

ಭಾವನ ಕೆಲಸದ ಕಡೆಯಿಂದ ಬಂದಿದ್ದ ₹1,000ದ ಗಿಫ್ಟ್ ಕಾರ್ಡ್ ಒಂದು ಇತ್ತು. ಇದ್ದದ್ದನ್ನೆಲ್ಲ ಒಂದೇ ಬಿಲ್‌ಗೆ ಪೇರಿಸಿದರೆ ಒಳ್ಳೆಯದು ಎಂದೇ ಯಾರಿಗಾದರೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಪಾವತಿ ಪುಟದಲ್ಲಿ ಗಿಫ್ಟ್ ಕಾರ್ಡ್‌ಗೆ ಟಿಕ್ ಹಾಕಿದೆ. ಕೆಳಗಿದ್ದ ಬ್ಯಾಂಕ್ ರಿಯಾಯಿತಿಯ ಸಾಲು ಸದ್ದಿಲ್ಲದೆ ಹೋಯಿತು.

ಕಾರಣ ಸರಳ. ಬ್ಯಾಂಕ್ ನೋಡುವುದು ತನ್ನ ಕಾರ್ಡ್‌ನಿಂದ ಎಷ್ಟು ಹೋಗುತ್ತಿದೆ ಎಂದು. ₹16,740ರಲ್ಲಿ ಗಿಫ್ಟ್ ಕಾರ್ಡ್‌ನ ₹1,000 ಹೋದರೆ ಕಾರ್ಡ್‌ಗೆ ಉಳಿಯುವುದು ₹15,740. ಅದು ₹16,000ಕ್ಕಿಂತ ಕಡಿಮೆ. ₹1,000 ಹಾಕಲು ಹೋಗಿ ₹1,250 ಕಳೆದುಕೊಳ್ಳುವುದು. ಆ್ಯಪ್ ಇದನ್ನು ತಪ್ಪು ಎಂದು ಎಲ್ಲೂ ಹೇಳುವುದಿಲ್ಲ. ರಿಯಾಯಿತಿಯ ಸಾಲು ಇದ್ದ ಜಾಗ ಖಾಲಿಯಾಗುತ್ತದೆ, ಅಷ್ಟೇ. ಹಳೆಯ ವ್ಯಾಲೆಟ್ ಬಾಕಿ, ರಿವಾರ್ಡ್ ಪಾಯಿಂಟ್ ಬಳಸಿದಾಗಲೂ ಹೀಗಾಗಬಹುದು. ಎಷ್ಟೋ ಸಲ ವ್ಯಾಲೆಟ್‌ನ ಟಿಕ್ ಮೊದಲೇ ಬಿದ್ದಿರುತ್ತದೆ. ಅದಕ್ಕೇ ಪಾವತಿ ಪುಟದಲ್ಲಿ ಒಂದೊಂದೇ ಟಿಕ್ ಹಾಕಿ, ತೆಗೆದು, ಕೊನೆಯ ಮೊತ್ತ ಹೇಗೆ ಬದಲಾಗುತ್ತದೆ ಎಂದು ನೋಡುವುದು ಒಳ್ಳೆಯದು.

ಗಿಫ್ಟ್ ಕಾರ್ಡ್ ತೆಗೆದೆವು. ರಗ್ಗುಗಳಿಗೆ ಬೇರೆ ಆರ್ಡರ್ ಮಾಡಿದೆವು. ಎರಡಕ್ಕೆ ₹1,380. ಗಿಫ್ಟ್ ಕಾರ್ಡ್‌ನ ₹1,000 ಹೋಗಿ ಅಕ್ಕ ಕೊಟ್ಟದ್ದು ₹380. ಎಲ್ಲವನ್ನೂ ಪೇರಿಸುವುದಕ್ಕಿಂತ ಬೇರೆ ಬೇರೆ ಮಾಡಿದ್ದೇ ಲಾಭವಾಯಿತು.

ಅದೇ ಪುಟದಲ್ಲಿ ₹1,299ರ ಹೆಚ್ಚುವರಿ ವಾರಂಟಿಯೂ ಸೇರಿಕೊಂಡಿತ್ತು, ನಾವು ಹಾಕಿದ್ದಲ್ಲ. ಹೀಗೆ ಕೇಳದೆ ಬುಟ್ಟಿಗೆ ಸೇರಿಸುವುದನ್ನು, ಸುಳ್ಳು ಅವಸರ ಹುಟ್ಟಿಸುವುದನ್ನು, ಕೊನೆಯಲ್ಲಿ ಮಾತ್ರ ಶುಲ್ಕ ತೋರಿಸುವುದನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ತಪ್ಪು ನಡೆ ಎಂದು ಪಟ್ಟಿ ಮಾಡಿದೆ. ಆದರೂ ನಮ್ಮ ಕಣ್ಣೇ ನಮಗೆ ಕಾವಲು. ತೆಗೆದುಹಾಕಿದೆವು.

ಇನ್ನು ₹3,260 ಸೇರಿಸಿದರೆ

ಪರದೆಯ ಮೇಲ್ಗಡೆ ಒಂದು ಪಟ್ಟಿ ಬಂತು. ಇನ್ನು ₹3,260ರ ವಸ್ತು ಸೇರಿಸಿ, ಹೆಚ್ಚುವರಿ ₹750 ಪಡೆಯಿರಿ. ಭಾವ ಬಹಳ ದಿನದಿಂದ ಏರ್ ಫ್ರೈಯರ್ ನೋಡುತ್ತಿದ್ದರು. ಅದು ₹3,499ಕ್ಕೆ ಇತ್ತು.

"ನೋಡಪ್ಪಾ, ₹750 ಸುಮ್ನೆ ಬಿಟ್ಟುಬಿಡೋದಾ? ಅದೂ ಸೇರಿದರೆ ಒಟ್ಟು ₹2,000 ರಿಯಾಯಿತಿ ಆಗುತ್ತೆ ಅಲ್ವಾ?" ಎಂದರು.

ಅವರ ಮಾತು ಲೆಕ್ಕದಲ್ಲಿ ಸುಳ್ಳಲ್ಲ. ಮಷಿನ್ ಮತ್ತು ಫ್ರೈಯರ್ ಸೇರಿ ಕೂಪನ್ ಕಳೆದು ₹20,239. ₹1,250 ಮತ್ತು ₹750 ಕಳೆದರೆ ₹18,239. ರಿಯಾಯಿತಿ ₹2,000 ಹೌದು. ಆದರೆ ಕಾರ್ಡ್‌ನಿಂದ ಹೋಗುವ ದುಡ್ಡು ₹15,490 ಇದ್ದದ್ದು ₹18,239 ಆಯಿತು. ಅಂದರೆ ₹2,749 ಜಾಸ್ತಿ. ಬಿಡುವುದು ₹750 ಅಲ್ಲ, ಖರ್ಚಾಗುವುದು ₹2,749.

ನಾನು ಅದನ್ನೇ ಕೇಳಿದೆ. "ಭಾವ, ₹750 ಮರೆತುಬಿಡಿ. ಯಾರೋ ಬಂದು ಈ ಫ್ರೈಯರ್ ₹2,749ಕ್ಕೆ ಕೊಡ್ತೀನಿ ಅಂದರೆ ಈವತ್ತು ತಗೋತೀರಾ?"

ಅವರು ಸ್ವಲ್ಪ ಯೋಚಿಸಿ, "ಈವತ್ತು ಬೇಡ, ಬಿಡು" ಎಂದರು. ಅಕ್ಕ ಪುಸ್ತಕದ ಪುಟ ತೋರಿಸಿದಳು. ಅದರಲ್ಲಿ ಫ್ರೈಯರ್ ಇರಲಿಲ್ಲ.

ಆ ಪ್ರಶ್ನೆಗೆ ಕೆಲವೊಮ್ಮೆ ಹೌದು ಎಂಬ ಉತ್ತರ ಬರಬಹುದು. ಪಟ್ಟಿಯಲ್ಲಿ ಮೊದಲೇ ಬರೆದ ವಸ್ತು, ಮುಂದಿನ ಎರಡು ತಿಂಗಳಲ್ಲಿ ಹೇಗೂ ಕೊಳ್ಳಬೇಕಾದದ್ದು, ದುಡ್ಡೂ ತೆಗೆದಿಟ್ಟದ್ದು ಇದ್ದರೆ ಈಗಲೇ ಸೇರಿಸುವುದು ಜಾಣತನ. ರಗ್ಗು ಹಾಗಿತ್ತು. ಆದರೆ ಅದನ್ನು ಸೇರಿಸಿದರೂ ₹18,120 ಆಗುತ್ತಿತ್ತು, ₹20,000 ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಆರ್ಡರ್ ಮಾಡಿ ನಂತರ ಫ್ರೈಯರ್ ವಾಪಸ್ ಕಳಿಸಿದರೆ ಆಗಲ್ವಾ ಎಂದೂ ಭಾವ ಕೇಳಿದರು. ಆಗುವುದಿಲ್ಲ. ಒಂದು ವಸ್ತು ವಾಪಸ್ ಹೋದಾಗ ಉಳಿದ ಬಿಲ್ ಕನಿಷ್ಠ ಮೊತ್ತಕ್ಕಿಂತ ಕೆಳಗಿಳಿದರೆ ಆ ಹೆಚ್ಚುವರಿ ರಿಯಾಯಿತಿಯನ್ನು ವಾಪಸ್ ಬರುವ ದುಡ್ಡಿನಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ಆಫರ್‌ನ ಷರತ್ತಿನಲ್ಲೇ ಇತ್ತು.

ಇಎಂಐನ ₹424

ನೋ ಕಾಸ್ಟ್ ಇಎಂಐ ಆರಿಸಿದರೆ ಬ್ಯಾಂಕಿನ ಗರಿಷ್ಠ ರಿಯಾಯಿತಿ ₹1,250ರ ಬದಲು ₹1,750. ನಮ್ಮ ₹16,740ಕ್ಕೆ ಆಗ ಪೂರ್ತಿ 10%, ಅಂದರೆ ₹1,674 ಸಿಗುತ್ತಿತ್ತು. ಬಿಲ್ ₹15,066. ಒಂದೇ ಸಲ ಕೊಡುವುದಕ್ಕಿಂತ ₹424 ಕಡಿಮೆ. ಬಡ್ಡಿ ಇಲ್ಲ, ಆರು ತಿಂಗಳು ತಿಂಗಳಿಗೆ ₹2,511. ಈ ಸಲ ಅಕ್ಕನಿಗೂ ಆಸೆಯಾಯಿತು.

ನೋ ಕಾಸ್ಟ್ ಎಂದರೆ ಬ್ಯಾಂಕ್ ಬಡ್ಡಿ ಹಾಕುವುದಿಲ್ಲ ಎಂದಲ್ಲ. ಬ್ಯಾಂಕ್ ಮಾಮೂಲಿ ಬಡ್ಡಿ ಹಾಕುತ್ತದೆ. ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಮೊದಲೇ ಇಳಿಸಿರುತ್ತಾರೆ. 0% ಬಡ್ಡಿ ಎಂಬ ಕಲ್ಪನೆಯೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ರೂಪದಲ್ಲಿ ಮರೆಮಾಡುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಆ ಕಾಣದ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಅದನ್ನು ಕೊಡುವವರು ನಾವು.

ಭಾವನ ಬ್ಯಾಂಕ್ ತೋರಿಸಿದ ಬಡ್ಡಿ ವರ್ಷಕ್ಕೆ 16%. ಆರು ತಿಂಗಳಿಗೆ ಅದು ಸುಮಾರು ₹680. ಅದರ ಮೇಲೆ ಜಿಎಸ್‌ಟಿ ಸುಮಾರು ₹122. ಇಎಂಐ ಮಾಡಿಸುವ ಶುಲ್ಕ ₹199, ಅದಕ್ಕೂ ಜಿಎಸ್‌ಟಿ ಸೇರಿ ₹235. ಎರಡೂ ಸೇರಿ ₹357. ₹424ರಲ್ಲಿ ಅದು ಹೋದರೆ ಉಳಿಯುವುದು ₹67. ಭಾವನ ಕಾರ್ಡ್ ಇಎಂಐಗೆ 1% ಕ್ಯಾಶ್‌ಬ್ಯಾಕ್ ಕೊಡುವುದಿಲ್ಲ. ಒಂದೇ ಸಲ ಕೊಟ್ಟರೆ ಅದು ₹155 ಬರುತ್ತದೆ. ಕೊನೆಗೆ ಇಎಂಐ ₹88 ನಷ್ಟ. ಜೊತೆಗೆ ಆರು ತಿಂಗಳು ಕಾರ್ಡ್‌ನ ಮಿತಿಯಲ್ಲಿ ಆ ಮೊತ್ತ ಸಿಕ್ಕಿಕೊಂಡಿರುತ್ತದೆ. ಮಷಿನ್ ವಾಪಸ್ ಹೋದರೂ ಆ ₹235 ಸಾಮಾನ್ಯವಾಗಿ ಬರುವುದಿಲ್ಲ.

ಅಕ್ಕನ ಹತ್ತಿರ ದುಡ್ಡು ಇತ್ತು, ಹಾಗಾಗಿ ನಿರ್ಧಾರ ಸುಲಭವಾಯಿತು. ದುಡ್ಡಿಲ್ಲದೆ ಇಎಂಐಯೇ ದಾರಿ ಎನ್ನುವವರಿಗೆ ₹88 ದೊಡ್ಡದಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅವರು ಅದನ್ನು ಸಾಲ ಎಂದುಕೊಂಡು ತೆಗೆದುಕೊಳ್ಳಬೇಕು, ರಿಯಾಯಿತಿ ಎಂದುಕೊಂಡು ಅಲ್ಲ.

ಕಾರ್ಡ್‌ನ ಹಳೆಯ ಬಾಕಿ

ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಇಲ್ಲಿ. ಪಾವತಿ ಮಾಡುವ ಮೊದಲು ಕಾರ್ಡ್‌ನ ಬಿಲ್ ತೋರಿಸಿ ಎಂದು ಭಾವನನ್ನು ಕೇಳಿದೆ. 18ನೇ ತಾರೀಖಿನ ಬಿಲ್ ₹6,200. ಕಟ್ಟಲು ಕೊನೆಯ ದಿನ ಅಕ್ಟೋಬರ್ 7. ಆ ತಿಂಗಳು ಸ್ವಲ್ಪ ಕಷ್ಟ ಇದ್ದದ್ದರಿಂದ ಕನಿಷ್ಠ ಮೊತ್ತ ₹310 ಮಾತ್ರ ಕಟ್ಟಿ ಉಳಿದದ್ದು ಮುಂದಕ್ಕೆ ಹಾಕುವ ಯೋಚನೆಯಲ್ಲಿದ್ದರು.

ಹಾಗೆ ಮಾಡಿದ್ದರೆ ಬಡ್ಡಿ ಬೀಳುತ್ತಿದ್ದದ್ದು ಹಳೆಯ ಬಾಕಿಗೆ ಮಾತ್ರ ಅಲ್ಲ. ಹಿಂದಿನ ಬಿಲ್ ಪೂರ್ತಿ ಕಟ್ಟದಿದ್ದರೆ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಶುರು. ಅವರ ಕಾರ್ಡ್‌ಗೆ ತಿಂಗಳಿಗೆ 3.5%. ₹15,490ಕ್ಕೆ ತಿಂಗಳಿಗೆ ₹542, ಜಿಎಸ್‌ಟಿ ಸೇರಿ ₹640. ಬ್ಯಾಂಕ್ ಕೊಟ್ಟ ₹1,250 ಎರಡೇ ತಿಂಗಳಲ್ಲಿ ಬ್ಯಾಂಕಿಗೇ ವಾಪಸ್. ಈ ಸಾಲು ಆಫರ್‌ನ ಪುಟದಲ್ಲಿ ಎಲ್ಲೂ ಇರುವುದಿಲ್ಲ, ಯಾಕೆಂದರೆ ಅದು ನಮ್ಮ ಕಾರ್ಡ್‌ನ ಸ್ಥಿತಿಗೆ ಸಂಬಂಧಿಸಿದ್ದು.

ಅಕ್ಕ ಖಡಾಖಂಡಿತವಾಗಿ ಹೇಳಿದಳು. "ಮೊದಲು ಆ ₹6,200 ಪೂರ್ತಿ ಕಟ್ಟಿ. ಆಮೇಲೆ ಮಷಿನ್." ಭಾವ ಅವರ ಸಂಬಳದ ದುಡ್ಡಿನಿಂದ ಅವತ್ತೇ ಕಟ್ಟಿದರು. ಬಾಕಿ ಸೊನ್ನೆ ಎಂದು ತೋರಿಸಿದ ಮೇಲೆ ಮಷಿನ್ ಆರ್ಡರ್ ಮಾಡಿದೆವು. ಅಕ್ಕ ತನ್ನ ಚೀಟಿ ದುಡ್ಡಿನಿಂದ ₹15,490 ಅನ್ನು ಅದೇ ವಾರ ಕಾರ್ಡ್‌ಗೆ ಕಟ್ಟಿಸಿಬಿಟ್ಟಳು. ನವೆಂಬರ್ 7ರವರೆಗೆ ಸಮಯ ಇತ್ತು. ಅಲ್ಲಿಯವರೆಗೆ ಉಳಿತಾಯ ಖಾತೆಯಲ್ಲಿ ಇಟ್ಟಿದ್ದರೆ ₹50ರಷ್ಟು ಬಡ್ಡಿ ಬರುತ್ತಿತ್ತೇನೋ. ಆದರೆ ನಡುವೆ ದಸರಾ, ಹಾಸನಾಂಬೆ, ದೀಪಾವಳಿ. ಕೈಯಲ್ಲಿದ್ದ ದುಡ್ಡು ಅಷ್ಟು ದಿನ ಹಾಗೇ ಇರುತ್ತದೆ ಎಂದು ಅವಳಿಗೆ ನಂಬಿಕೆ ಇರಲಿಲ್ಲ. ಅವಳು ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ.

ಆರ್ಡರ್ ಆದ ಮೇಲೆ

ಮೂರನೇ ದಿನ ಮಷಿನ್‌ನ ಬೆಲೆ ಇನ್ನೂ ₹200 ಇಳಿಯಿತು. ಕ್ಯಾನ್ಸಲ್ ಮಾಡಿ ಮತ್ತೆ ಆರ್ಡರ್ ಮಾಡೋಣ ಎಂದು ಭಾವ ಫೋನ್ ಮಾಡಿದರು. ಷರತ್ತು ಓದಿ ಹೇಳಿದೆ. ಬ್ಯಾಂಕಿನ ರಿಯಾಯಿತಿ ಒಂದು ಕಾರ್ಡ್‌ಗೆ ಸೇಲ್‌ನಲ್ಲಿ ಒಂದೇ ಸಲ. ಕ್ಯಾನ್ಸಲ್ ಆದರೂ ಆ ಅವಕಾಶ ಮತ್ತೆ ಬರುತ್ತದೆ ಎಂಬ ಖಾತರಿ ಅಲ್ಲಿ ಇರಲಿಲ್ಲ. ಕೂಪನ್ ಕೂಡ ಒಬ್ಬರಿಗೆ ಒಂದೇ. ₹200ಕ್ಕಾಗಿ ₹2,000 ಪಣಕ್ಕಿಡುವುದು ಬೇಡ ಎಂದು ಸುಮ್ಮನಾದೆವು.

ಇದೇ ಕಾರಣಕ್ಕೆ ಮಷಿನ್ ಬಂದಾಗ ಡೆಂಟ್ ಇದ್ದರೆ ಏನು ಕೇಳಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ದುಡ್ಡು ವಾಪಸ್ ಅಲ್ಲ, ಬದಲಿ ಮಷಿನ್. ದುಡ್ಡು ವಾಪಸ್ ತೆಗೆದುಕೊಂಡರೆ ಬರುವುದು ನಾವು ಕೊಟ್ಟ ₹15,490 ಮಾತ್ರ. ಸೇಲ್ ಮುಗಿದ ಮೇಲೆ ಆ ದುಡ್ಡಿಗೆ ಅದೇ ಮಷಿನ್ ಸಿಗುವುದಿಲ್ಲ. ಕಂಪನಿಯವರು ಬರುವವರೆಗೆ ಡಬ್ಬ ಬಿಚ್ಚಲಿಲ್ಲ. ಬಿಚ್ಚುವಾಗ ಭಾವ ವಿಡಿಯೊ ಮಾಡಿದರು. ಮಷಿನ್ ಚೆನ್ನಾಗಿಯೇ ಇತ್ತು.

ಸ್ಟ್ಯಾಂಡ್ ಊರಲ್ಲೇ ತಂದದ್ದು, ₹650. ಬಚ್ಚಲ ನಲ್ಲಿ ಹಳೆಯದು, ಪೈಪ್ ಕೂರಲಿಲ್ಲ. ಪ್ಲಂಬರ್ ಬಂದು ಬದಲಾಯಿಸಿ ₹300 ತೆಗೆದುಕೊಂಡರು. ಒಟ್ಟು ₹16,440. ಪುಟದಲ್ಲಿ ಬರೆದಿದ್ದ ₹16,500ರೊಳಗೆ ₹60 ಉಳಿಯಿತು.

ಆ್ಯಪ್‌ನ ಬಿಲ್ ಕೆಳಗೆ ಹಸಿರು ಅಕ್ಷರದಲ್ಲಿ ನೀವು ₹12,010 ಉಳಿಸಿದ್ದೀರಿ ಎಂದು ಬಂದಿತ್ತು. ಅದು ಎಂಆರ್‌ಪಿಯಿಂದ ಕಳೆದ ಲೆಕ್ಕ. ಸೇಲ್‌ಗೆ ಮುಂಚಿನ ಬೆಲೆಯಿಂದ ನೋಡಿದರೆ ಉಳಿದದ್ದು ₹2,500. ಅಕ್ಕ ಬರೆದದ್ದು ಮೂರನೇ ಲೆಕ್ಕ. ಬಿ.ಎಂ. ರಸ್ತೆಯ ಅಂಗಡಿಯವರು ಎಲ್ಲ ಸೇರಿ ₹16,800 ಹೇಳಿದ್ದರು. ನಮಗೆ ಎಲ್ಲ ಸೇರಿ ₹16,440 ಆಯಿತು. ಕಾರ್ಡ್‌ನ 1% ಕ್ಯಾಶ್‌ಬ್ಯಾಕ್ ₹155 ಅಕ್ಟೋಬರ್ ಬಿಲ್‌ನಲ್ಲಿ ಬಂದ ಮೇಲೆ ಅದನ್ನೂ ಕಳೆದಳು. ₹16,285. ವ್ಯತ್ಯಾಸ ₹515.

₹515 ಚಿಕ್ಕದಲ್ಲ, ಆದರೆ ಎರಡು ವಾರ ಬೆಲೆ ನೋಡಿದ್ದು, ಒಂದು ರಾತ್ರಿ ನಿದ್ದೆಗೆಟ್ಟದ್ದು, ಒಂದು ವಾರ ಕಾದದ್ದು ಎಲ್ಲ ಅದರ ಹಿಂದೆ ಇದೆ. ಅಂಗಡಿಯವರು ಇನ್ನು ₹300 ಇಳಿಸಿದ್ದರೆ ಅಲ್ಲೇ ಕೊಳ್ಳುತ್ತಿದ್ದೆ ಎಂದು ಅಕ್ಕ ಹೇಳಿದಳು. ಆಗ ಅದು ಅವಳ ₹16,500ಕ್ಕೆ ಸರಿಯಾಗಿ ಕೂರುತ್ತಿತ್ತು. ನನಗೂ ಹಾಗೇ ಅನಿಸುತ್ತದೆ.

ಉಳಿದದ್ದು ಕ್ಯಾಶ್‌ಬ್ಯಾಕ್ ಆ್ಯಪ್‌ನ ₹200. ನಾನು ಆ ಆ್ಯಪ್‌ನ ಲಿಂಕ್ ಒತ್ತಿಯೇ ಆರ್ಡರ್ ಮಾಡಿದ್ದೆ. ಆದರೂ ನಮ್ಮ ಖರೀದಿ ಅಲ್ಲಿ ದಾಖಲಾಗಲೇ ಇಲ್ಲ. ದೂರು ಕೊಟ್ಟ ಮೇಲೆ ಕಾರಣ ತಿಳಿಯಿತು. ಲಿಂಕ್ ಒತ್ತುವಾಗ ಕಾರ್ಟ್ ಖಾಲಿ ಇರಬೇಕು, ವಸ್ತುವನ್ನು ಆಮೇಲೆ ಸೇರಿಸಬೇಕು. ನಾವು ಹಿಂದಿನ ರಾತ್ರಿಯೇ ಮಷಿನ್ ಕಾರ್ಟ್‌ಗೆ ಹಾಕಿಟ್ಟಿದ್ದೆವು. ಲಿಂಕ್ ಒತ್ತಿ ಆದ ಮೇಲೆ ನಡುವೆ ಬೇರೆ ಕೂಪನ್ ಸೈಟ್ ತೆರೆದರೂ ಹೀಗೇ ಆಗುತ್ತದೆ, ಕೊನೆಯದಾಗಿ ಒತ್ತಿದ ಲಿಂಕ್‌ನವರಿಗೇ ಆ ಖರೀದಿ ಸೇರುತ್ತದೆ. ದೂರು ತಿರಸ್ಕಾರವಾಯಿತು ಎಂದು ಅಕ್ಕನಿಗೆ ಹೇಳಿದೆ. ಅವಳು ಪುಸ್ತಕ ತೆರೆದು ನೋಡಿದಳು. ಸೇಲ್‌ನ ರಾತ್ರಿಯೇ ಆ ಸಾಲಿನ ಮುಂದೆ ಸೊನ್ನೆ ಬರೆದಿದ್ದಳು. ತಿದ್ದುವುದು ಏನೂ ಇರಲಿಲ್ಲ.